ವಿದೇಶಿ ಅತಿಥಿಯ ಪರಿಚಯ: ದುಭಾಷಿಗಾಗಿ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ತುಂಗಭದ್ರಾ ಅಚ್ಚುಕಟ್ಟಿನ ರೈತರ ಸಭೆಗೆ ನೆದರ್ಲೆಂಡ್ಸ್‌ನಿಂದ ಆರು ಜನರ ನಿಯೋಗ ಬರುತ್ತಿದೆ. ನಿಯೋಗದ ಮುಖ್ಯಸ್ಥೆಯನ್ನು ಕನ್ನಡದಲ್ಲಿ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ದುಭಾಷಿಯೊಬ್ಬರು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಾರಂತೆ. ಎಷ್ಟು ಮಾತಾಡಿ ನಿಲ್ಲಿಸಬೇಕು? ಹಿಂದೊಮ್ಮೆ ಇನ್ನೊಬ್ಬರು ಹೀಗೆ ಪರಿಚಯ ಮಾಡಿದಾಗ ಇಬ್ಬರೂ ಒಟ್ಟಿಗೆ ಮಾತಾಡಿ ಗೊಂದಲವಾಗಿತ್ತು. ದುಭಾಷಿ ತಪ್ಪು ಹೇಳಿದರೆ ನಾನೇನು ಮಾಡಲಿ?

ಉತ್ತರ: ಎರಡು ಚಿಕ್ಕ ವಾಕ್ಯ ಹೇಳಿ, ಎರಡನೆಯದರ ಕ್ರಿಯಾಪದ ಪೂರ್ತಿ ಮುಗಿದ ಮೇಲೆ ನಿಲ್ಲಿಸಿ. ಗಡಿಯಾರದ ಲೆಕ್ಕದಲ್ಲಿ ಇದು ಹತ್ತು ಹದಿನೈದು ಸೆಕೆಂಡು ಆಗಬಹುದು. ಆದರೆ ಸೆಕೆಂಡಿನ ಮೇಲೆ ಕಣ್ಣಿಡಬೇಡಿ, ಕ್ರಿಯಾಪದದ ಮೇಲಿಡಿ. ಹಿಂದಿನ ಸಭೆಯಲ್ಲಿ ಆದ ಗೊಂದಲದ ಮೂಲವೂ ಬಹುತೇಕ ಇಲ್ಲೇ ಇರಬೇಕು. ಕನ್ನಡದಲ್ಲಿ ಪರಿಚಯ ಭಾಷಣ ಬರೆಯುವ ನಮ್ಮ ರೂಢಿಯ ಶೈಲಿ ಕೇಳುವುದಕ್ಕೆ ಗಂಭೀರವಾಗಿರುತ್ತದೆ, ದುಭಾಷಿಗೆ ಮಾತ್ರ ಅದು ಬಹಳ ಕಷ್ಟ ಕೊಡುತ್ತದೆ.

ಸಾಮಾನ್ಯವಾಗಿ ನಾವು ಬರೆಯುವ ಪರಿಚಯ ಹೀಗಿರುತ್ತದೆ: "ಮಣ್ಣು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಕೀನ್ಯಾ ಮತ್ತು ವಿಯೆಟ್ನಾಂ ದೇಶಗಳಲ್ಲಿ ಹನ್ನೆರಡು ವರ್ಷ ಸಣ್ಣ ರೈತರ ಜೊತೆ ಕೆಲಸ ಮಾಡಿ, ನೀರಾವರಿ ಜಮೀನುಗಳ ಸವಳು-ಜವಳು ಸಮಸ್ಯೆಯ ಕುರಿತು ಎರಡು ಮೌಲಿಕ ಗ್ರಂಥಗಳನ್ನು ರಚಿಸಿರುವ, ಪ್ರಸ್ತುತ ಆರು ಜನರ ನಿಯೋಗದ ನೇತೃತ್ವ ವಹಿಸಿ ನಮ್ಮ ನಡುವೆ ಉಪಸ್ಥಿತರಿರುವ ಡಾಕ್ಟರ್ ಇಂಥವರನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇನೆ." (ವಿವರಗಳು ಉದಾಹರಣೆಗಾಗಿ ನಾನು ಕಲ್ಪಿಸಿದವು. ನಿಮ್ಮ ಅತಿಥಿಯ ವಿವರಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.)

ಇದನ್ನು ದುಭಾಷಿಯ ಕಿವಿಯಿಂದ ಕೇಳಿ ನೋಡಿ. ಇಂಗ್ಲಿಷ್ ವಾಕ್ಯ ಶುರುವಾಗಬೇಕಾದರೆ ಯಾರು, ಏನು ಮಾಡಿದರು ಎಂಬ ಎರಡೂ ಬೇಕು. ನಿಮ್ಮ ವಾಕ್ಯದಲ್ಲಿ ಯಾರು ಎನ್ನುವುದು ಕಟ್ಟಕಡೆಗೆ ಬರುತ್ತದೆ, ಕ್ರಿಯಾಪದ ಅದಕ್ಕೂ ಆಮೇಲೆ. ಅಲ್ಲಿಯ ತನಕ ಅವರು ಡಾಕ್ಟರೇಟು, ಎರಡು ದೇಶಗಳ ಹೆಸರು, ಹನ್ನೆರಡು ವರ್ಷ, ಎರಡು ಪುಸ್ತಕ, ಆರು ಜನ ಇಷ್ಟನ್ನೂ ನೆನಪಿನಲ್ಲಿ ಹಿಡಿದುಕೊಂಡೇ ನಿಂತಿರಬೇಕು. ಉದ್ದವೆಂದು ನೀವು ಮಧ್ಯದಲ್ಲಿ, "ಕೆಲಸ ಮಾಡಿ" ಎಂಬಲ್ಲಿ ಉಸಿರು ತೆಗೆದುಕೊಂಡಿರಿ ಎನ್ನಿ. ದುಭಾಷಿಗೆ ಇದು ತಮ್ಮ ಸರದಿಯೋ ಅಲ್ಲವೋ ತಿಳಿಯುವುದಿಲ್ಲ. ನಿಮ್ಮ ದನಿ ಇನ್ನೂ ಮೇಲೇ ಇದೆ, ಮಾತು ಮಾತ್ರ ನಿಂತಿದೆ. ಒಂದು ಕ್ಷಣ ಕಾದು ಅವರು ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ನೀವು "ನೀರಾವರಿ ಜಮೀನುಗಳ" ಎಂದು ಮುಂದುವರಿಸುತ್ತೀರಿ. ಇಬ್ಬರೂ ತಡೆಯುತ್ತೀರಿ, ಇಬ್ಬರೂ ಮತ್ತೆ ಒಟ್ಟಿಗೆ ಶುರು ಮಾಡುತ್ತೀರಿ. ಒಮ್ಮೆ ಹೀಗಾದರೆ ಮುಂದಿನ ಪ್ರತಿ ನಿಲುಗಡೆಯಲ್ಲೂ ದುಭಾಷಿ ಹಿಂಜರಿಯುತ್ತಾರೆ. ಅವರು ಹಿಂಜರಿದಷ್ಟೂ ನೀವು ಅವಸರ ಮಾಡುತ್ತೀರಿ.

ಆದ್ದರಿಂದ ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನವನ್ನು ಬರೆಯುವಾಗಲೇ ಮಾಡಬೇಕು. ಮಾತಾಡುವಾಗ ಯೋಚಿಸಿದರೆ ತಡವಾಗಿರುತ್ತದೆ. "ಪಡೆದು", "ಮಾಡಿ", "ರಚಿಸಿರುವ" ಎಂಬಂಥ ಪದಗಳು ಬಂದ ಕಡೆಯೆಲ್ಲ ವಾಕ್ಯವನ್ನು ಮುರಿದು "ಪಡೆದಿದ್ದಾರೆ", "ಮಾಡಿದ್ದಾರೆ", "ಬರೆದಿದ್ದಾರೆ" ಎಂದು ಮುಗಿಸಿ. ಹೆಸರನ್ನು ಕೊನೆಯಿಂದ ಎತ್ತಿ ಮೊದಲಿಗೆ ತನ್ನಿ. ಮೇಲಿನ ಪರಿಚಯವನ್ನೇ ಹೀಗೆ ಬಿಡಿಸಬಹುದು. ಎರಡು ಅಡ್ಡಗೆರೆ ಇರುವಲ್ಲಿ ನೀವು ನಿಲ್ಲಬೇಕು.

"ನಮ್ಮ ಇವತ್ತಿನ ಅತಿಥಿ ಡಾಕ್ಟರ್ ಇಂಥವರು. ನೆದರ್ಲೆಂಡ್ಸ್‌ನಿಂದ ಬಂದಿದ್ದಾರೆ. //
ಇವರು ಓದಿದ್ದು ಮಣ್ಣಿನ ವಿಜ್ಞಾನ. ಅದರಲ್ಲೇ ಡಾಕ್ಟರೇಟ್ ಪಡೆದಿದ್ದಾರೆ. //
ಹನ್ನೆರಡು ವರ್ಷ ಸಣ್ಣ ರೈತರ ಹೊಲಗಳಲ್ಲಿ ಕೆಲಸ ಮಾಡಿದ್ದಾರೆ. ಮೊದಲು ಕೀನ್ಯಾದಲ್ಲಿದ್ದರು, ಆಮೇಲೆ ವಿಯೆಟ್ನಾಂನಲ್ಲಿದ್ದರು. //
ಸವಳಾದ ಭೂಮಿಯನ್ನು ಮತ್ತೆ ಬೆಳೆಗೆ ತರುವುದು ಹೇಗೆ ಎನ್ನುವುದೇ ಇವರ ಅಧ್ಯಯನ. ಅದರ ಬಗ್ಗೆ ಎರಡು ಪುಸ್ತಕ ಬರೆದಿದ್ದಾರೆ. //
ನಮ್ಮ ತಗ್ಗಿನ ಹೊಲಗಳಲ್ಲೂ ಇದೇ ಕಷ್ಟ ಇದೆ. ಅದನ್ನು ನೋಡುವುದಕ್ಕೇ ಇವರ ಜೊತೆ ಇನ್ನೂ ಐದು ಜನ ಬಂದಿದ್ದಾರೆ. //
ಡಾಕ್ಟರ್ ಇಂಥವರಿಗೆ ನಮ್ಮೆಲ್ಲರ ಸ್ವಾಗತ."

ಮಾಹಿತಿ ಬಹುಮಟ್ಟಿಗೆ ಹಾಗೇ ಉಳಿದಿದೆ. "ಮೌಲಿಕ", "ಹೃತ್ಪೂರ್ವಕ" ಎಂಬಂಥ ಪದಗಳು ಬಿದ್ದುಹೋಗಿವೆ. ಅವು ದುಭಾಷಿಯ ಬಾಯಲ್ಲಿ ಹೇಗೂ ಉಳಿಯುತ್ತಿರಲಿಲ್ಲ. ಪ್ರತಿ ತುಂಡಿನಲ್ಲೂ ಒಂದೇ ವಿಷಯವಿದೆ, ಸಂಖ್ಯೆ ಬಂದರೆ ಒಂದೇ ಸಂಖ್ಯೆ. ಇದು ಬೇಕೆಂದೇ ಮಾಡಿದ್ದು. ದುಭಾಷಿಗಳು ಹೆಚ್ಚಾಗಿ ಎಡವುವುದು ಮೂರು ಕಡೆ: ಸಂಖ್ಯೆ, ಹೆಸರು, ಸಾಲುಸಾಲಾದ ಪಟ್ಟಿ. ಉಳಿದ ಮಾತನ್ನು ಅರ್ಥದಿಂದ ಮತ್ತೆ ಕಟ್ಟಿಕೊಳ್ಳಬಹುದು. ಹನ್ನೆರಡು ಎಂಬುದು ಕೈತಪ್ಪಿದರೆ ಅದನ್ನು ಊಹಿಸುವುದಕ್ಕೆ ಸುತ್ತಲಿನ ಯಾವ ಪದವೂ ನೆರವಾಗುವುದಿಲ್ಲ. ಎರಡು ದೇಶಗಳ ಹೆಸರನ್ನು "ಮೊದಲು", "ಆಮೇಲೆ" ಎಂದು ಜೋಡಿಸಿದ್ದಕ್ಕೂ ಇದೇ ಕಾರಣ. ಒಂದರ ಹಿಂದೊಂದು ಬಂದಂತೆ ಹೇಳಿದರೆ ನೆನಪಿನಲ್ಲಿ ನಿಲ್ಲುತ್ತದೆ.

ಐದನೆಯ ತುಂಡಿನಲ್ಲಿ "ಇವರ ಜೊತೆ ಇನ್ನೂ ಐದು ಜನ" ಎಂದಿದ್ದೇನೆ. ನಮ್ಮ ಗೌರವದ "ಇವರು" ಒಬ್ಬರನ್ನೂ ಸೂಚಿಸುತ್ತದೆ, ಆರು ಜನರನ್ನೂ ಸೂಚಿಸುತ್ತದೆ. ನಿಯೋಗ ಎದುರಿಗೇ ಕೂತಿರುವಾಗ "ಇವರು ವಿಯೆಟ್ನಾಂನಲ್ಲಿ ಕೆಲಸ ಮಾಡಿದ್ದಾರೆ" ಎಂದರೆ ಮುಖ್ಯಸ್ಥೆಯೊಬ್ಬರೇ ಹೋಗಿದ್ದೋ ತಂಡವೇ ಹೋಗಿದ್ದೋ ಎಂದು ದುಭಾಷಿ ಅಳೆಯಬೇಕಾಗುತ್ತದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ. ಪರಿಚಯ ಪೂರ್ತಿ ಒಬ್ಬರ ಬಗ್ಗೆಯೇ ಇರಲಿ. ತಂಡದ ಮಾತು ಬಂದಾಗ "ಈ ತಂಡ" ಅಥವಾ "ಇವರ ಜೊತೆಗಾರರು" ಎಂದು ಬಿಡಿಸಿ ಹೇಳಿ.

ಇಷ್ಟು ಚಿಕ್ಕ ಚಿಕ್ಕ ತುಂಡು ಬೇಕೇ, ತರಬೇತಿ ಪಡೆದ ದುಭಾಷಿಗಳು ಐದಾರು ನಿಮಿಷದ ಮಾತನ್ನು ಒಟ್ಟಿಗೆ ಕೇಳಿ ಹೇಳುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಹೇಳುತ್ತಾರೆ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಪಾಲ್ ಮಾಂತೂ ಅವರು ದೊಡ್ಡ ದೇಶಗಳ ನಾಯಕರಿಗೆ ದುಭಾಷಿಯಾಗಿದ್ದರು, ಆ ಕಾಲದಿಂದಲೂ ಈ ಪದ್ಧತಿ ಬೆಳೆದುಬಂದಿದೆ. ಇದಕ್ಕಾಗಿಯೇ ಟಿಪ್ಪಣಿ ಬರೆಯುವ ಒಂದು ವಿಧಾನವಿದೆ. ಪದಗಳನ್ನು ಬರೆಯದೆ ವಿಚಾರದ ಕೊಂಡಿಗಳನ್ನು ಗುರುತು ಹಾಕುತ್ತ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾರೆ. ನಿಮ್ಮ ಸಭೆಯ ದುಭಾಷಿಗೆ ಈ ಅಭ್ಯಾಸ ಇದೆಯೇ ಎಂದು ಮೊದಲೇ ಕೇಳಿ ತಿಳಿಯಿರಿ. ನಮ್ಮಲ್ಲಿ ಈ ಕೆಲಸಕ್ಕೆ ಎಷ್ಟೋ ಸಲ ನಿಲ್ಲುವವರು ಇಂಗ್ಲಿಷ್ ಅಧ್ಯಾಪಕರು ಅಥವಾ ಇಲಾಖೆಯ ಅಧಿಕಾರಿಗಳು. ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಟಿಪ್ಪಣಿಯ ತರಬೇತಿ ಇರುವುದಿಲ್ಲ. ಅಂಥವರಿಗೆ ಎರಡು ವಾಕ್ಯವೇ ಸರಿಯಾದ ಅಳತೆ. ಅಭ್ಯಾಸ ಇರುವವರೇ ಬಂದರೂ ಪರಿಚಯದ ಮಟ್ಟಿಗೆ ನಾನು ಚಿಕ್ಕ ತುಂಡುಗಳನ್ನೇ ಆರಿಸುತ್ತೇನೆ. ಎರಡು ಮೂರು ನಿಮಿಷ ಬರೀ ಕನ್ನಡ ಕೇಳಿಸಿದರೆ, ತನ್ನ ಬಗ್ಗೆ ಏನು ಹೇಳುತ್ತಿದ್ದಾರೆ ಎಂದು ತಿಳಿಯದೆ ಅತಿಥಿ ಎಲ್ಲರ ಮುಂದೆ ಸುಮ್ಮನೆ ಮುಗುಳ್ನಗುತ್ತ ಕೂರಬೇಕಾಗುತ್ತದೆ. ಆಹ್ವಾನ ಕೊಟ್ಟು ಕರೆಸಿದವರನ್ನು ಹಾಗೆ ಕೂರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೆ ನಿಲ್ಲುವುದೆಂದರೆ ಬಾಯಿ ಮುಚ್ಚುವುದಷ್ಟೇ ಆಗಬಾರದು, ನಿಂತಿದ್ದು ಕೇಳಿಸಬೇಕು. ಕನ್ನಡದಲ್ಲಿ ವಾಕ್ಯ ಮುಗಿಯುವಾಗ ದನಿ ತಾನಾಗಿ ಇಳಿಯುತ್ತದೆ. ವೇದಿಕೆಯ ಉತ್ಸಾಹದಲ್ಲಿ ಮಾತ್ರ ಅನೇಕರು "ಪಡೆದಿದ್ದಾರೆ" ಎಂಬುದರ ಕೊನೆಯನ್ನು ಮೇಲೆತ್ತಿ ಎಳೆಯುತ್ತಾರೆ, ಚಪ್ಪಾಳೆ ಬರಲಿ ಎಂಬ ಆಸೆಯಿಂದ. ದುಭಾಷಿಗೆ ಆ ರಾಗ ಇನ್ನೂ ಮಾತಿದೆ ಎಂದು ಹೇಳಿದಂತೆ ಕೇಳಿಸುತ್ತದೆ. ದನಿ ಇಳಿಸಿ, ತುಟಿ ಮುಚ್ಚಿ, ಮೈಕಿನಿಂದ ತುಸು ಹಿಂದೆ ಸರಿಯಿರಿ. ಇದೇ ಸಾಕಾದ ಸನ್ನೆ. "ಹೇಳಿ ಮೇಡಂ", "ಈಗ ಅನುವಾದ ಮಾಡಿ" ಎಂದು ಪ್ರತಿ ಸಲ ಹೇಳಿದರೆ ಸಭೆಯ ಗಮನ ಅತಿಥಿಯಿಂದ ದುಭಾಷಿಯತ್ತ ಹೊರಳುತ್ತದೆ. ವಾಕ್ಯ ಮುಗಿದ ಮೇಲೆ "ಮತ್ತು" ಅಥವಾ "ಅಷ್ಟೇ ಅಲ್ಲದೆ" ಎಂದು ಬಾಲ ಸೇರಿಸುವ ಚಟವಿದ್ದರೆ ಅದನ್ನು ಈ ಒಂದು ಸಲಕ್ಕಾದರೂ ಕಟ್ಟಿಹಾಕಿ. ಬಹುಪಾಲು ಡಿಕ್ಕಿಗಳು ಆ ಬಾಲದ ಮೇಲೆಯೇ ಆಗುತ್ತವೆ.

ನೀವು ನಿಂತ ಮೇಲೆ ಒಂದು ಸೆಕೆಂಡಿನೊಳಗೆ ಅವರು ಶುರು ಮಾಡಬೇಕು. ಎರಡು ಮೂರು ಸೆಕೆಂಡು ಕಳೆದರೂ ಮಾತು ಬರದಿದ್ದರೆ ಅವರಿಗೆ ಏನೋ ತಪ್ಪಿದೆ ಎಂದು ಅರ್ಥ. ಆಗ ಮುಂದಕ್ಕೆ ಹೋಗಬೇಡಿ. ಕೊನೆಯ ವಾಕ್ಯವನ್ನು ಅದೇ ಪದಗಳಲ್ಲಿ ಇನ್ನೊಮ್ಮೆ ಹೇಳಿ. ಬೇರೆ ಪದಗಳಲ್ಲಿ ವಿವರಿಸಲು ಹೋದರೆ ಅವರಿಗೆ ಹೊಸದೊಂದು ವಾಕ್ಯ ಸೇರಿದಂತಾಗುತ್ತದೆ. ಅವರು ಮಾತಾಡುತ್ತಿರುವಾಗ ನಿಮ್ಮ ಕಣ್ಣು ಅತಿಥಿಯ ಮೇಲಿರಲಿ. ಮುಂದಿನ ಸಾಲು ಓದಿಕೊಳ್ಳುತ್ತ ತಲೆ ತಗ್ಗಿಸಿ ನಿಂತರೆ, ಇಂಗ್ಲಿಷ್ ಭಾಗ ಯಾರಿಗೂ ಬೇಡದ್ದು ಎಂಬ ಭಾವನೆ ಸಭೆಗೆ ಬಂದು ಗುಸುಗುಸು ಶುರುವಾಗುತ್ತದೆ. ಅವರು ಮುಗಿಸಿದ್ದು ಗೊತ್ತಾಗುವುದೂ ದನಿ ಇಳಿದಾಗಲೇ. ಆಮೇಲೆ ಅರ್ಧ ಉಸಿರಿನಷ್ಟು ಬಿಟ್ಟು ನಿಮ್ಮ ಮುಂದಿನ ತುಂಡು ತೆಗೆಯಿರಿ. ನಿಮಗೆ ಇಂಗ್ಲಿಷ್ ಬರುವುದರಿಂದ ಅವರ ಕೊನೆಯ ಪದಕ್ಕೇ ನುಗ್ಗುವ ಅವಸರ ಆಗುತ್ತದೆ. ಸಭೆಯ ಕಿವಿಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಮರಳಲು ಆ ಅರ್ಧ ಉಸಿರು ಬೇಕು.

ಚಪ್ಪಾಳೆಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಯೋಜನೆ ಬೇಕು. ಸಭಿಕರು ಕನ್ನಡಕ್ಕೆ ಚಪ್ಪಾಳೆ ತಟ್ಟುತ್ತಾರೆ, ಅದೇ ಹೊತ್ತಿಗೆ ದುಭಾಷಿಯ ಇಂಗ್ಲಿಷ್ ಶುರುವಾಗುತ್ತದೆ. ನೀವು ಪ್ರಶಂಸೆಯ ಮಾತು ಹೇಳಿದ್ದು ಯಾರಿಗಾಗಿಯೋ ಅವರಿಗೇ ಅದು ಕೇಳಿಸುವುದಿಲ್ಲ. ದುಭಾಷಿ ಚಪ್ಪಾಳೆ ನಿಲ್ಲುವ ತನಕ ಕಾಯಬೇಕು, ನೀವೂ ಕಾಯಬೇಕು. ಮಧ್ಯದ ತುಂಡುಗಳಲ್ಲಿ ಚಪ್ಪಾಳೆ ಕೇಳುವ ಮಾತನ್ನೇ ಇಡದಿರುವುದು ಇನ್ನೂ ಒಳ್ಳೆಯದು. ಬರೀ ಸಂಗತಿ ಹೇಳಿ. ಚಪ್ಪಾಳೆ ಬರಬೇಕಾದದ್ದು ಒಂದೇ ಕಡೆ, ಕೊನೆಯ ಸ್ವಾಗತದ ಮಾತಿಗೆ.

ಆ ಕೊನೆಯ ಮಾತನ್ನು ಇಂಗ್ಲಿಷಿಗೆ ಹೇಳಿಸಲೇಬೇಡಿ. ಮೇಲಿನ ಮಾದರಿಯಲ್ಲಿ ಕೊನೆಗೆ ಅಡ್ಡಗೆರೆ ಇಲ್ಲದಿರುವುದನ್ನು ಗಮನಿಸಿರಬಹುದು. ನೀವು ಹೆಸರು ಹೇಳಿ ಸ್ವಾಗತ ಎಂದ ಕೂಡಲೇ ಸಭೆ ಚಪ್ಪಾಳೆ ತಟ್ಟುತ್ತದೆ, ತನ್ನ ಹೆಸರು ಕೇಳಿದ ಅತಿಥಿ ಎದ್ದು ನಿಲ್ಲುತ್ತಾರೆ. ಅಲ್ಲಿ ಅರ್ಥವಾಗದೆ ಉಳಿದದ್ದು ಏನೂ ಇಲ್ಲ. ದುಭಾಷಿ ಅದನ್ನೂ ಹೇಳಹೊರಟರೆ ಚಪ್ಪಾಳೆ ಎರಡು ತುಂಡಾಗುತ್ತದೆ. ಎದ್ದ ಅತಿಥಿ ಮುಂದೆ ಬರುವುದೋ ಕೂರುವುದೋ ತಿಳಿಯದೆ ಅರ್ಧದಲ್ಲೇ ನಿಲ್ಲುತ್ತಾರೆ. ಈ ಒಪ್ಪಂದವನ್ನು ದುಭಾಷಿಯ ಜೊತೆ ಮೊದಲೇ ಮಾಡಿಕೊಳ್ಳಿ. ಅತಿಥಿಗೂ ಮುಂಚೆಯೇ ತಿಳಿಸಿ: ಹೆಸರನ್ನು ಎರಡು ಸಲ ಹೇಳುತ್ತೇವೆ, ಎರಡನೆಯ ಸಲಕ್ಕೆ ಎದ್ದು ಬನ್ನಿ ಎಂದು. ಮೊದಲ ತುಂಡಿನಲ್ಲಿ ಹೆಸರನ್ನು ಸಾಮಾನ್ಯ ದನಿಯಲ್ಲಿ ಹೇಳಿ, ಕೊನೆಯದರಲ್ಲಿ ಎತ್ತಿ ಹೇಳಿ. ಸಭೆಗೂ ವ್ಯತ್ಯಾಸ ಗೊತ್ತಾಗುತ್ತದೆ. ಹೆಸರಿನ ಸರಿಯಾದ ಉಚ್ಚಾರಣೆಯನ್ನು ಅತಿಥಿಯ ಬಾಯಿಂದಲೇ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ. ಡಚ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಂತೆ ಓದಿದರೆ ಎಷ್ಟೋ ಸಲ ತಪ್ಪಾಗುತ್ತದೆ. ನೀವೂ ದುಭಾಷಿಯೂ ಒಂದೇ ರೀತಿ ಉಚ್ಚರಿಸಬೇಕು, ಇಲ್ಲದಿದ್ದರೆ ಸಭಿಕರಿಗೆ ಇಬ್ಬರು ಬೇರೆ ಬೇರೆ ಅತಿಥಿಗಳಿದ್ದಾರೆ ಎನಿಸುತ್ತದೆ.

ನಮ್ಮ ಸಭೆಗಳ ಆರಂಭದ ಸಂಬೋಧನೆಯನ್ನೂ ಈ ನಿಲುಗಡೆಯ ಲೆಕ್ಕದಿಂದ ಹೊರಗಿಡಿ. ವೇದಿಕೆಯ ಮೇಲಿರುವ ಅಧ್ಯಕ್ಷರು, ಶಾಸಕರು, ಸಂಘದ ಪದಾಧಿಕಾರಿಗಳು ಎಂಬ ಹೆಸರುಗಳ ಸಾಲನ್ನು ಒಂದೊಂದಾಗಿ ಇಂಗ್ಲಿಷಿಗೆ ತಂದರೆ ಪರಿಚಯಕ್ಕಿಂತ ಅದೇ ಉದ್ದವಾಗುತ್ತದೆ. ಅಷ್ಟು ಹೊತ್ತು ದುಭಾಷಿ ಅತಿಥಿಯ ಹಿಂದೆ ಕೂತು ಪಿಸುದನಿಯಲ್ಲಿ ಯಾರು ಯಾರು ಎಂದು ತಿಳಿಸಲಿ, ಪರಿಚಯ ಶುರುವಾದಾಗ ಮೈಕಿಗೆ ಬರಲಿ. ಹಾರ, ಶಾಲು, ಪೇಟದ ಹೊತ್ತಿನಲ್ಲಿ ಇಬ್ಬರೂ ಸುಮ್ಮನಿರಿ. ಬಂದವರು ಮುಖ್ಯಸ್ಥೆಯೊಬ್ಬರೇ ಆಗಿದ್ದರೆ ಇಡೀ ಪರಿಚಯವನ್ನೇ ಹೀಗೆ ಪಿಸುದನಿಯಲ್ಲಿ ಮುಗಿಸಿ ಎನ್ನುತ್ತಿದ್ದೆ. ಆಗ ನೀವು ಎಲ್ಲೂ ನಿಲ್ಲಬೇಕಿರಲಿಲ್ಲ. ಆರು ಜನರ ಕಿವಿಗೆ ಒಬ್ಬರು ಪಿಸುಗುಟ್ಟಲು ಆಗದು, ಹಾಗಾಗಿ ನಿಲ್ಲಿಸಿ ಹೇಳಿಸುವುದೇ ನಿಮಗೆ ಸರಿ.

ಮೈಕು ಎರಡು ಇರಲಿ ಎಂದು ಹಟ ಮಾಡಿ ಕೇಳಿ. ಒಂದೇ ಮೈಕನ್ನು ಕೈಯಿಂದ ಕೈಗೆ ಕೊಡುವಾಗ ಪ್ರತಿ ಸಲ ಎರಡು ಮೂರು ಸೆಕೆಂಡು ಹೋಗುತ್ತದೆ, ದುಭಾಷಿಯ ಮೊದಲ ಪದ ಮೈಕಿಗೆ ಸಿಗುವುದೇ ಇಲ್ಲ. ಅವರು ನಿಮ್ಮ ಪಕ್ಕಕ್ಕೆ ಅರ್ಧ ಹೆಜ್ಜೆ ಹಿಂದೆ ನಿಲ್ಲಲಿ, ನಿಮ್ಮ ಬಾಯಿ ಕಾಣುವಂತೆ. ವೇದಿಕೆಯ ಧ್ವನಿವರ್ಧಕಗಳು ಸಭೆಯತ್ತ ಮುಖ ಮಾಡಿರುವುದರಿಂದ ಅವರಿಗೆ ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸದಿರಬಹುದು. ಸಭೆ ಸೇರುವ ಮುಂಚೆ ಇಬ್ಬರೂ ನಿಂತು ಒಂದು ಸಲ ಪರೀಕ್ಷಿಸಿ.

ದುಭಾಷಿಗೆ ನಿಮ್ಮ ಬರಹದ ಪ್ರತಿಯನ್ನು ಹಿಂದಿನ ದಿನವೇ ಕೊಡಿ. ಒಂದು ತುಂಡಿಗೆ ಒಂದು ಸಾಲು, ನಡುವೆ ಖಾಲಿ ಜಾಗ. ನಿಮ್ಮ ಕೈಯಲ್ಲೂ ಅದೇ ಪ್ರತಿ ಇರಲಿ. ಸವಳು, ಜವಳು, ಅಚ್ಚುಕಟ್ಟು ಇವು ನಿಮ್ಮ ರೈತರಿಗೆ ಮನೆಮಾತು. ಪಟ್ಟಣದಲ್ಲಿ ಬೆಳೆದ ಇಂಗ್ಲಿಷ್ ಅಧ್ಯಾಪಕರಿಗೆ ಅವು ಹೊಸವಾಗಿರಬಹುದು. ಸವಳಿಗೆ ಸಲೈನಿಟಿ, ಜವಳಿಗೆ ವಾಟರ್‌ಲಾಗಿಂಗ್, ಅಚ್ಚುಕಟ್ಟಿಗೆ ಕಮಾಂಡ್ ಏರಿಯಾ ಎಂದು ಪ್ರತಿಯ ಅಂಚಿನಲ್ಲೇ ಬರೆದುಕೊಡಿ. ಲಕ್ಷ, ಕೋಟಿ, ಎಕರೆ ಬಂದರೆ ಅವನ್ನೂ ಮೊದಲೇ ಬದಲಿಸಿ ಬರೆಯಿರಿ. ಹತ್ತು ಲಕ್ಷ ಎಂದರೆ ಒಂದು ಮಿಲಿಯನ್, ಒಂದು ಕೋಟಿ ಎಂದರೆ ಹತ್ತು ಮಿಲಿಯನ್, ಹತ್ತು ಸಾವಿರ ಎಕರೆ ಎಂದರೆ ಸುಮಾರು ನಾಲ್ಕು ಸಾವಿರ ಹೆಕ್ಟೇರ್. ಈ ಲೆಕ್ಕವನ್ನು ವೇದಿಕೆಯ ಮೇಲೆ ನಿಂತು ಮನಸ್ಸಿನಲ್ಲಿ ಮಾಡಲು ಹೋದಾಗ ಒಂದು ಸೊನ್ನೆ ಕಳೆದುಹೋಗುವುದು ತೀರಾ ಸುಲಭ. ಪ್ರತಿ ಕೊಟ್ಟ ಮೇಲೆ ಅದರಿಂದ ಆಚೀಚೆ ಹೋಗಬೇಡಿ. ಅವರು ತಯಾರಿಸಿಟ್ಟ ಇಂಗ್ಲಿಷನ್ನೇ ಓದುತ್ತಿರಬಹುದು. ಆ ಕ್ಷಣದಲ್ಲಿ ಹೊಳೆದ ಮಾತೊಂದನ್ನು ಸೇರಿಸಲೇಬೇಕಿದ್ದರೆ ಅದನ್ನೇ ಪ್ರತ್ಯೇಕ ತುಂಡಾಗಿ ಹೇಳಿ, ಹೇಳುವ ಮೊದಲು ಅವರತ್ತ ಒಮ್ಮೆ ತಿರುಗಿ ನೋಡಿ.

ಸಮಯದ ಲೆಕ್ಕವೂ ಸೇರಿಸಿಕೊಳ್ಳಿ. ಮೇಲಿನ ಮಾದರಿ ಬರೀ ಕನ್ನಡದಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತದೆ, ಇಂಗ್ಲಿಷೂ ನಿಲುಗಡೆಗಳೂ ಸೇರಿದರೆ ಎರಡು ನಿಮಿಷ ದಾಟಬಹುದು. ಸಂಘಟಕರು ಪರಿಚಯಕ್ಕೆ ಐದು ನಿಮಿಷ ಕೊಟ್ಟಿದ್ದರೆ ನೀವು ಬರೆಯಬೇಕಾದದ್ದು ಎರಡು ನಿಮಿಷದ ಕನ್ನಡ ಮಾತ್ರ. ಜಾಸ್ತಿ ಬರೆದರೆ ವೇದಿಕೆಯ ಮೇಲೆ ಅವಸರಪಡುತ್ತೀರಿ, ಅವಸರದಲ್ಲಿ ಮೊದಲು ಹಾಳಾಗುವುದು ನಿಲುಗಡೆಯೇ.

ಇನ್ನು ದುಭಾಷಿ ತಪ್ಪು ಹೇಳಿದರೆ. ನಿಮ್ಮ ಪದಕ್ಕೆ ಅವರು ಬೇರೆ ಪದ ಆರಿಸಿದ್ದು ತಪ್ಪಲ್ಲ, ಬಿಟ್ಟುಬಿಡಿ. ನೀವು ಎರಡು ವಾಕ್ಯದಲ್ಲಿ ಹೇಳಿದ್ದನ್ನು ಅವರು ಒಂದರಲ್ಲಿ ಹೇಳಿದರೂ ಬಿಟ್ಟುಬಿಡಿ. ಅತಿಥಿಯ ಹೆಸರು, ಹುದ್ದೆ, ಸಂಸ್ಥೆ, ಸಂಖ್ಯೆ ತಪ್ಪಾದರೆ ಮಾತ್ರ ಸರಿಪಡಿಸಬೇಕು, ಅದೂ ಅವರ ಬಾಯಿಂದಲೇ. ಹನ್ನೆರಡು ವರ್ಷ ಎಂಬುದು ಇಂಗ್ಲಿಷಿನಲ್ಲಿ ಇಪ್ಪತ್ತಾಯಿತು ಎನ್ನಿ. ಮೈಕಿನಲ್ಲಿ "ಅಲ್ಲ ಅಲ್ಲ" ಎನ್ನಬೇಡಿ, ನೀವೇ ಇಂಗ್ಲಿಷಿಗೆ ಜಾರಲೂಬೇಡಿ. ಒಮ್ಮೆ ನೀವು ಇಂಗ್ಲಿಷ್ ಆಡಿದರೆ ದುಭಾಷಿ ಏಕೆ ನಿಂತಿದ್ದಾರೆ ಎಂದು ಸಭೆ ಕೇಳತೊಡಗುತ್ತದೆ. ಮುಂದಿನ ತುಂಡನ್ನು "ಈ ಹನ್ನೆರಡು ವರ್ಷದ ಅನುಭವದ ಮೇಲೆ" ಎಂದು ಶುರು ಮಾಡಿ, "ಹನ್ನೆರಡು" ಎಂಬಲ್ಲಿ ತುಸು ಒತ್ತು ಕೊಡಿ, ಅವರತ್ತ ನೋಡಿ. ಅನುಭವ ಇರುವ ದುಭಾಷಿ ಅಷ್ಟಕ್ಕೇ ಎಚ್ಚೆತ್ತು ತಾವೇ ತಿದ್ದಿಕೊಳ್ಳುತ್ತಾರೆ. ಎಚ್ಚೆತ್ತುಕೊಳ್ಳದಿದ್ದರೆ ಮೈಕಿನಿಂದ ಸರಿದು ಮೆಲ್ಲಗೆ ಸರಿಯಾದ ಸಂಖ್ಯೆ ಹೇಳಿ, ಅವರು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ತನಕ ಕಾಯಿರಿ, ಆಮೇಲೆ ಮುಂದಿನ ಸಾಲಿಗೆ ಹೋಗಿ.